ಬಾರ್ ಎಣಿಸಿ ಹಾಡಿನ ಉದ್ದ ಹೇಳುವಾಗ ಲೆಕ್ಕ ಎಲ್ಲಿ ಜಾರುತ್ತದೆ

ಪ್ರಶ್ನೆ: ಒಂದು ಭಾವಗೀತೆಗೆ ರಾಗ ಹಾಕಿದ್ದೇನೆ. 92 ಬಿಪಿಎಂ, 4/4, ಸಾಲಿಗೆ ಎರಡು ಬಾರ್. ಹಾಳೆಯಲ್ಲಿ ಹೀಗೆ ಬರೆದುಕೊಂಡಿದ್ದೆ: ಶುರುವಿನ ಬಿಜಿಎಂ 8 ಬಾರ್, ಪಲ್ಲವಿ 8, ಬಿಜಿಎಂ 8, ಚರಣ 12, ಪಲ್ಲವಿ 4, ಬಿಜಿಎಂ 8, ಚರಣ 12, ಪಲ್ಲವಿ 4, ಮುಕ್ತಾಯ 4. ಒಟ್ಟು 68. ಸೂತ್ರ ಹಾಕಿದರೆ 2.96 ಬಂತು, ಅಂದರೆ 3:36. ಆದರೆ ರೆಕಾರ್ಡ್ ಆದ ಫೈಲ್ 3:49 ಇದೆ. ಮೊದಲ ಪಲ್ಲವಿಯ ಮೊದಲೆರಡು ಸಾಲು, ಪ್ರತಿ ಚರಣದ ಕೊನೆಯ ಎರಡು ಸಾಲು, ಕೊನೆಗೆ ಬರುವ ಪಲ್ಲವಿ ಇವನ್ನು ಎರಡೆರಡು ಸಲ ಹಾಡಿದ್ದಾರೆ. ಕೊನೆಯ ಎರಡು ಬಾರ್‌ನಲ್ಲಿ ಲಯ 60ಕ್ಕೆ ಇಳಿಯುತ್ತದೆ. ಆ 13 ಸೆಕೆಂಡ್ ಎಲ್ಲಿಂದ ಬಂತು? ಸ್ಪರ್ಧೆಗೆ 3:30ರ ಒಳಗೆ ಬೇಕು, ಏನು ಮಾಡಲಿ? ಇನ್ನೊಂದು ಹಾಡು ದಾದ್ರಾದಲ್ಲಿದೆ, 6/8. ಅದಕ್ಕೂ ಇದೇ ಸೂತ್ರವೇ?

ಉತ್ತರ: ವ್ಯತ್ಯಾಸ 13 ಸೆಕೆಂಡ್ ಅಲ್ಲ, 52 ಸೆಕೆಂಡ್. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡದ್ದರಿಂದ ಅದು ಸಣ್ಣದಾಗಿ ಕಾಣುತ್ತಿದೆ.

ಮೊದಲ ತಪ್ಪು 2.96ನ್ನು ಓದಿದ ರೀತಿಯಲ್ಲಿದೆ. ಬೀಟ್‌ಗಳ ಸಂಖ್ಯೆಯನ್ನು ಬಿಪಿಎಂನಿಂದ ಭಾಗಿಸಿದಾಗ ಬರುವುದು ನಿಮಿಷ, ಅದೂ ದಶಮಾಂಶದಲ್ಲಿ. ಚುಕ್ಕಿಯ ಆಚೆ ಇರುವ 96 ಅಂದರೆ 96 ಸೆಕೆಂಡ್ ಅಲ್ಲ, ಒಂದು ನಿಮಿಷದ ನೂರರಲ್ಲಿ 96 ಪಾಲು. ಅದನ್ನು 60ರಿಂದ ಗುಣಿಸಬೇಕು: 0.9565 × 60 = 57.4. ಹಾಗಾಗಿ 68 ಬಾರ್‌ಗೆ ಸರಿಯಾದ ಉತ್ತರ 2 ನಿಮಿಷ 57 ಸೆಕೆಂಡ್. ನೀವು 96 ಸೆಕೆಂಡ್ ಎಂದು ಓದಿ ಒಂದು ನಿಮಿಷ ಮುಂದಕ್ಕೆ ಹಾಕಿದಿರಿ, 3:36 ಆಯಿತು. ಚುಕ್ಕಿಯ ಆಚೆಯ ಅಂಕಿ 60ಕ್ಕಿಂತ ದೊಡ್ಡದಾಗಿದ್ದರೆ ತಪ್ಪು ಕಣ್ಣಿಗೆ ಬೀಳಬಹುದು. 3.45 ಅಂತ ಬಂದಿದ್ದರೆ 3:45 ಎಂದೇ ಓದಿ ಮುಂದೆ ಹೋಗುತ್ತೇವೆ, ನಿಜದಲ್ಲಿ ಅದು 3:27.

ಈ ಗೊಂದಲವೇ ಬೇಡವೆಂದರೆ ನಿಮಿಷದ ಗೊಡವೆಗೆ ಹೋಗದೆ ಮೊದಲಿನಿಂದ ಸೆಕೆಂಡಿನಲ್ಲೇ ಲೆಕ್ಕ ಮಾಡಿ:

```
ಸೆಕೆಂಡ್ = ಬಾರ್ × ಬಾರ್‌ಗೆ ಬೀಟ್ × 60 ÷ ಬಿಪಿಎಂ
```

4/4ರಲ್ಲಿ ನಾಲ್ಕು ಅರವತ್ತಲೇ 240. ಆದ್ದರಿಂದ ಒಂದು ಬಾರ್‌ನ ಉದ್ದ 240 ÷ ಬಿಪಿಎಂ. ಇದೊಂದನ್ನು ನೆನಪಿಟ್ಟುಕೊಂಡರೆ ಬಾಯಿಲೆಕ್ಕಕ್ಕೆ ಸಾಕು: 60ರಲ್ಲಿ ಬಾರ್‌ಗೆ 4 ಸೆಕೆಂಡ್, 80ರಲ್ಲಿ 3, 96ರಲ್ಲಿ ಎರಡೂವರೆ, 120ರಲ್ಲಿ 2. ನಿಮ್ಮ 92 ಎಂಬುದು 96ಕ್ಕಿಂತ ತುಸು ನಿಧಾನ, ಆದ್ದರಿಂದ ಎರಡೂವರೆಗಿಂತ ತುಸು ಜಾಸ್ತಿ ಬರಬೇಕು, ಬರುವುದು 2.6087. ಇದನ್ನು 2.6 ಎಂದು ಮೊದಲೇ ಕತ್ತರಿಸಿ ಗುಣಿಸಬೇಡಿ. ಎಂಬತ್ತು ಚಿಲ್ಲರೆ ಬಾರ್‌ಗೆ ಮುಕ್ಕಾಲು ಸೆಕೆಂಡ್ ಹೋಗುತ್ತದೆ. ಕೇಳುವವರಿಗೆ ಅದು ಗೊತ್ತಾಗದು, ವಿಡಿಯೋಗೆ ಕೂಡಿಸುವವರಿಗೆ ಗೊತ್ತಾಗುತ್ತದೆ. ಗುಣಾಕಾರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಮ್ಮೆ ಭಾಗಿಸಿದರೆ ಸಾಕು.

ಎರಡನೇ ತಪ್ಪು ದೊಡ್ಡದು, ಭಾವಗೀತೆ ಸಂಯೋಜಿಸುವವರಲ್ಲಿ ಇದು ತುಂಬಾ ಸಾಮಾನ್ಯ. ನೀವು ಎಣಿಸಿದ್ದು ಕವಿತೆಯ ಸಾಲುಗಳನ್ನು, ಹಾಡಿದ ಸಾಲುಗಳನ್ನಲ್ಲ. ಸುಗಮ ಸಂಗೀತದಲ್ಲಿ ಸಾಲನ್ನು ಎರಡು ಸಲ ಹಾಡುವುದು ಎಷ್ಟು ಸಹಜವೆಂದರೆ ಹಾಳೆಯ ಮೇಲೆ ಅದನ್ನು ಯಾರೂ ಬರೆದುಕೊಳ್ಳುವುದೇ ಇಲ್ಲ. ನೀವು ಕೊಟ್ಟ ವಿವರದಂತೆ ಮತ್ತೆ ಎಣಿಸೋಣ. ಸಾಲಿಗೆ ಎರಡು ಬಾರ್, ಪಲ್ಲವಿ ನಾಲ್ಕು ಸಾಲಿನದು, ಚರಣ ಆರು ಸಾಲಿನದು. ಮೊದಲ ಪಲ್ಲವಿಯಲ್ಲಿ ಎರಡು ಸಾಲು ಮರುಕಳಿಸುವುದರಿಂದ 8 ಇದ್ದದ್ದು 12 ಆಗುತ್ತದೆ. ಎರಡೂ ಚರಣಗಳಲ್ಲಿ ಕೊನೆಯ ಎರಡು ಸಾಲು ಮತ್ತೆ ಬರುವುದರಿಂದ 12 ಇದ್ದದ್ದು 16. ಕೊನೆಯ ಪಲ್ಲವಿ 4 ಇದ್ದದ್ದು 8. ಹೀಗೆ ನಾಲ್ಕು ಕಡೆ ನಾಲ್ಕು ನಾಲ್ಕು ಬಾರ್, ಒಟ್ಟು 16 ಬಾರ್ ನಿಮ್ಮ ಹಾಳೆಯಲ್ಲಿ ಇರಲೇ ಇಲ್ಲ. ನಿಜವಾದ ಎಣಿಕೆ 84.

84 × 240 ÷ 92 = 219.1 ಸೆಕೆಂಡ್, ಅಂದರೆ 3:39. ಫೈಲ್ 3:49 ಇದೆ. ಇನ್ನು ಹತ್ತು ಸೆಕೆಂಡ್ ಮಾತ್ರ ಬಾಕಿ.

ಇದರಲ್ಲಿ ಒಂದು ಪಾಲು ಕೊನೆಯ ಇಳಿಲಯದ್ದು. 92ರಿಂದ 60ಕ್ಕೆ ಎರಡು ಬಾರ್‌ನಲ್ಲಿ, ಅಂದರೆ ಎಂಟು ಬೀಟ್‌ನಲ್ಲಿ, ಸಮನಾಗಿ ಇಳಿದರೆ ಆ ಎಂಟು ಬೀಟ್‌ಗೆ ಸುಮಾರು 6.4 ಸೆಕೆಂಡ್ ಹಿಡಿಯುತ್ತದೆ. ಲಯ ಇಳಿಯದಿದ್ದರೆ 5.2 ಆಗುತ್ತಿತ್ತು. ಹೆಚ್ಚಾದದ್ದು 1.2 ಸೆಕೆಂಡ್, ಅಷ್ಟೇ. ಇಳಿಲಯದಿಂದ ಹಾಡು ಬಹಳ ಉದ್ದವಾಯಿತು ಎಂದು ಕಿವಿಗೆ ಅನ್ನಿಸುತ್ತದೆ, ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಇಷ್ಟೇ ಚಿಕ್ಕದು. ಅಂದಾಜಿಗೆ ಎರಡು ತುದಿಯ ಲಯಗಳ ನಡುವಿನ ಅಂಕಿ, ಇಲ್ಲಿ 76, ಹಿಡಿದು ಲೆಕ್ಕ ಹಾಕಿದರೂ 6.3 ಬರುತ್ತದೆ. ಇಷ್ಟು ಚಿಕ್ಕ ಭಾಗಕ್ಕೆ ಅದು ಧಾರಾಳವಾಯಿತು.

ಉಳಿದ ಎಂಟೂಮುಕ್ಕಾಲು ಸೆಕೆಂಡ್‌ನಲ್ಲಿ ಬಾರ್‌ಗಳೇ ಇಲ್ಲ. ಅದು ಫೈಲ್‌ನ ಎರಡು ತುದಿಗಳಲ್ಲಿ ಇರಬೇಕು. ಫೈಲನ್ನು ತೆರೆದು ತರಂಗವನ್ನು ನೋಡಿ. ಶುರುವಿನಲ್ಲಿ ಒಂದು ಬಾರ್ ಖಾಲಿ ಕಂಡರೆ ಅದು ಕೌಂಟ್-ಇನ್‌ಗೆ ಬಿಟ್ಟ ಜಾಗ: ಕ್ಲಿಕ್ಕನ್ನು ಮ್ಯೂಟ್ ಮಾಡಿರುತ್ತಾರೆ, ಎಕ್ಸ್‌ಪೋರ್ಟ್ ಮಾಡುವಾಗ ಆ ಬಾರನ್ನು ಕತ್ತರಿಸಲು ಮರೆತಿರುತ್ತಾರೆ. 92ರಲ್ಲಿ ಅದು ಸರಿಯಾಗಿ 2.6 ಸೆಕೆಂಡ್. ಮಿಕ್ಕ ಆರು ಸೆಕೆಂಡ್ ಕೊನೆಯ ಸ್ವರದ ಬಾಲ: ತಂಬೂರಿ, ಸ್ಟ್ರಿಂಗ್ಸ್, ರಿವರ್ಬ್ ಪೂರ್ತಿ ಅಡಗುವವರೆಗಿನ ಹೊತ್ತು. ಸ್ವರ ನಿಂತ ಮೇಲೂ ಫೈಲ್ ಓಡುತ್ತಲೇ ಇರುತ್ತದೆ. 219.1ಕ್ಕೆ 1.2, 2.6, 6 ಕೂಡಿಸಿದರೆ 228.9. ನಿಮ್ಮ 3:49 ಬಂತು.

ಇಲ್ಲಿಂದ ಹಿಡಿಯಬೇಕಾದದ್ದು ಯಾವ ತಪ್ಪಿಗೆ ಎಷ್ಟು ತೂಕ ಎಂಬುದನ್ನು. ನಿಮ್ಮ ಹಾಡಿನಲ್ಲಿ ಟೆಂಪೋ 92ರ ಬದಲು 93 ಎಂದು ಬರೆದುಕೊಂಡಿದ್ದರೆ ಇಡೀ ಹಾಡಿಗೆ ಬರುವ ವ್ಯತ್ಯಾಸ ಎರಡೂವರೆ ಸೆಕೆಂಡ್. ಎರಡು ಸಾಲಿನ ಮರುಕಳಿಕೆಯೊಂದನ್ನು ಎಣಿಸದೆ ಬಿಟ್ಟರೆ ಹತ್ತೂವರೆ ಸೆಕೆಂಡ್. ಬಹಳ ಜನ ಬಿಪಿಎಂನ ದಶಮಾಂಶದ ಬಗ್ಗೆ ತಲೆ ಕೆಡಿಸಿಕೊಂಡು ಬಾರ್‌ಗಳನ್ನು ನೆನಪಿನಿಂದ ಎಣಿಸುತ್ತಾರೆ. ಅದು ತಿರುಗುಮುರುಗು. ಹಾಡುವವರನ್ನು ಎದುರಿಗೆ ಕೂರಿಸಿ ಒಮ್ಮೆ ಪೂರ್ತಿ ಹಾಡಿಸಿ, ಪ್ರತಿ ಸಾಲಿಗೂ ಹಾಳೆಯಲ್ಲಿ ಒಂದು ಗೀಟು ಹಾಕಿ. ಸಾಲು ಮತ್ತೆ ಬಂದರೆ ಮತ್ತೊಂದು ಗೀಟು. ಗೀಟುಗಳನ್ನು ಎರಡರಿಂದ ಗುಣಿಸಿ ಬಿಜಿಎಂ ಮತ್ತು ಮುಕ್ತಾಯದ ಬಾರ್‌ಗಳನ್ನು ಸೇರಿಸಿದರೆ ಮೋಸವಾಗುವುದಿಲ್ಲ.

ಸಾಲುಗಳ ನಡುವೆ ಉಸಿರಿಗೆಂದು ಒಂದು ಬಾರ್ ಕೊಳಲು ಬಂದರೆ ಅದನ್ನೂ ಬಿಜಿಎಂನ ಜೊತೆ ಒಂದು ಬಾರ್ ಎಂದು ಸೇರಿಸಬೇಕು. ಹಾಡು ಸಮಕ್ಕಿಂತ ಮುಂಚೆ ಎತ್ತುಗಡೆಯಾಗುವುದಾದರೆ ಬೇರೆ ಎಚ್ಚರ ಬೇಕು: ಪಲ್ಲವಿಯ ಮೊದಲ ಪದ ಬಿಜಿಎಂನ ಕೊನೆಯ ಬಾರ್‌ನೊಳಗೇ ಶುರುವಾಗಿರುತ್ತದೆ. ಅದಕ್ಕೆ ಪ್ರತ್ಯೇಕ ಬಾರ್ ಲೆಕ್ಕ ಹಾಕಬಾರದು, ಆ ಬಾರ್ ಆಗಲೇ ಬಿಜಿಎಂನ ಖಾತೆಯಲ್ಲಿದೆ. ಪ್ರಾಜೆಕ್ಟ್ ತೆರೆದು ಬಾರ್ ಸಂಖ್ಯೆ ಓದುವಾಗಲೂ ಒಂದು ಕೊಂಡಿ ತಪ್ಪುತ್ತದೆ. ಸಾಫ್ಟ್‌ವೇರ್ ಎಣಿಕೆಯನ್ನು ಸೊನ್ನೆಯಿಂದಲ್ಲ, 1ರಿಂದ ಶುರುಮಾಡುತ್ತದೆ. ಹಾಡು ಮುಗಿದ ಜಾಗದಲ್ಲಿ ಕರ್ಸರ್ 85ನೇ ಬಾರ್‌ನ ಮೊದಲ ಬೀಟ್ ತೋರಿಸಿದರೆ ಕಳೆದಿರುವುದು 84 ಬಾರ್. ಕೌಂಟ್-ಇನ್‌ಗೆ ಒಂದು ಬಾರ್ ಬಿಟ್ಟಿದ್ದರೆ ಅದೇ ಜಾಗ 86 ಎಂದು ತೋರಿಸುತ್ತದೆ.

ಈಗ 3:30ರ ಮಾತು. ಮೊದಲು ಶುರುವಿನ ಖಾಲಿ ಬಾರ್ ಕತ್ತರಿಸಿ, 226.3 ಉಳಿಯುತ್ತದೆ, ಅಂದರೆ 3:46. ಇನ್ನೂ 16 ಸೆಕೆಂಡ್‌ಗಿಂತ ಜಾಸ್ತಿ ಇಳಿಸಬೇಕು. ಟೆಂಪೋ ಒಂದರಿಂದಲೇ ಇಳಿಸುವುದಾದರೆ 84 ಬಾರ್‌ಗೆ 100ರ ಹತ್ತಿರ ಹೋಗಬೇಕಾಗುತ್ತದೆ. 92ರಿಂದ 100 ಎಂದರೆ ನೂರಕ್ಕೆ ಎಂಟಕ್ಕಿಂತ ಜಾಸ್ತಿ ವೇಗ. ಭಾವಗೀತೆಯಲ್ಲಿ ಇದು ಒಗ್ಗುವುದು ಕಷ್ಟ: ಒತ್ತಕ್ಷರಗಳು ತುಂಬಿದ ಸಾಲುಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗವೇ ಕಳೆದುಹೋಗುತ್ತದೆ, ಗಮಕಗಳು ಮೊಟಕಾಗುತ್ತವೆ. ಬಾರ್ ಕಡಿಮೆ ಮಾಡುವುದು ಒಳ್ಳೆಯ ದಾರಿ. ನಾಲ್ಕು ಬಾರ್ ಕಡಿಮೆಯಾದರೆ 10.4 ಸೆಕೆಂಡ್ ಉಳಿತಾಯ. ಶುರುವಿನ ಬಿಜಿಎಂ ಮತ್ತು ಎರಡನೇ ಚರಣದ ಮುಂಚಿನ ಬಿಜಿಎಂ ಎರಡನ್ನೂ 8ರಿಂದ 4ಕ್ಕೆ ಇಳಿಸಿದರೆ 76 ಬಾರ್ ಉಳಿಯುತ್ತದೆ: 198.3, ಇಳಿಲಯಕ್ಕೆ 1.2, ಬಾಲಕ್ಕೆ 6, ಒಟ್ಟು 205.5. ಅಂದರೆ 3:25, ಕವಿಯ ಒಂದು ಸಾಲೂ ಹೋಗಲಿಲ್ಲ.

ಎರಡನೇ ಚರಣದ ಮುಂಚಿನ ಬಿಜಿಎಂ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಮಧ್ಯದ ದಾರಿಯೂ ಇದೆ. ಶುರುವಿನದ್ದು ಮಾತ್ರ 4ಕ್ಕೆ ಇಳಿಸಿ 80 ಬಾರ್ ಮಾಡಿ, ಟೆಂಪೋವನ್ನು 95ಕ್ಕೆ ಏರಿಸಿ. 80 × 240 ÷ 95 = 202.1, ಇಳಿಲಯ, ಬಾಲ ಸೇರಿ 209.4. ಇದು 3:29, ಮಿತಿಯ ಅಂಚಿಗೆ ಅಂಟಿಕೊಂಡೇ ಇದೆ, ಹಾಗಾಗಿ ಬಾಲವನ್ನು ಮೂರು ಸೆಕೆಂಡ್‌ನಲ್ಲಿ ಫೇಡ್ ಮಾಡಿ ಮುಗಿಸುವುದು ಲೇಸು. ಈ ಎರಡರಲ್ಲಿ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ಟೆಂಪೋ ಬದಲಾದರೆ ಆಗಲೇ ರೆಕಾರ್ಡ್ ಆದ ಗಾಯನವನ್ನು ಹಿಗ್ಗಿಸಿ ಕುಗ್ಗಿಸಬೇಕು ಇಲ್ಲವೇ ಮತ್ತೆ ಹಾಡಿಸಬೇಕು. ಬಿಜಿಎಂ ಕತ್ತರಿಸಿದರೆ ಹಾಡಿದ ಭಾಗವನ್ನು ಮುಟ್ಟಬೇಕಾಗಿಲ್ಲ.

ಮುಂದಿನ ಸಲ ಕೂರುವ ಮುಂಚೆಯೇ ಲೆಕ್ಕ ತಿರುಗಿಸಿ ನೋಡಿ. ಮಿತಿ 210 ಸೆಕೆಂಡ್, ಬಾಲ ಮತ್ತು ಇಳಿಲಯಕ್ಕೆ 7 ತೆಗೆದಿಟ್ಟರೆ 203 ಉಳಿಯಿತು. 203 × 92 ÷ 240 = 77.8. ಈ ಲಯದಲ್ಲಿ ನಿಮಗೆ ಸಿಗುವುದು 77 ಬಾರ್. ನಾಲ್ಕರ ಗುಂಪಿನಲ್ಲಿ ಹಾಡು ಕಟ್ಟುವವರಿಗೆ 76. ಇದು ಮೊದಲೇ ಗೊತ್ತಿದ್ದರೆ ಬಿಜಿಎಂ ಎಷ್ಟು ಉದ್ದ ಇರಬೇಕೆಂಬುದು ಸಂಯೋಜನೆಯ ಹೊತ್ತಿಗೇ ತೀರ್ಮಾನವಾಗುತ್ತದೆ.

ನಡುವೆ ಲಯ ಬದಲಾಗುವ ಹಾಡಿದ್ದರೆ ಭಾಗ ಭಾಗವಾಗಿ ಸೆಕೆಂಡ್ ತೆಗೆದು ಕೂಡಿಸಿ, ಬಿಪಿಎಂಗಳ ಸರಾಸರಿ ಹಿಡಿಯಬೇಡಿ. 32 ಬಾರ್ 80ರಲ್ಲಿ, 32 ಬಾರ್ 120ರಲ್ಲಿ ಇದ್ದರೆ ಸರಾಸರಿ 100 ಎಂದುಕೊಂಡು 64 ಬಾರ್‌ಗೆ 153.6 ಸೆಕೆಂಡ್ ಅನ್ನುತ್ತೇವೆ. ನಿಜದಲ್ಲಿ ಮೊದಲರ್ಧಕ್ಕೆ 96, ಎರಡನೆಯದಕ್ಕೆ 64, ಒಟ್ಟು 160. ನಿಧಾನದ ಭಾಗ ಗಡಿಯಾರದಲ್ಲಿ ಹೆಚ್ಚು ಹೊತ್ತು ತಿನ್ನುವುದರಿಂದ ಎರಡೂ ಭಾಗಗಳ ಬಾರ್ ಸಮನಾಗಿದ್ದರೆ ಸರಾಸರಿಯ ಉತ್ತರ ಯಾವಾಗಲೂ ಕಡಿಮೆಯೇ ಬರುತ್ತದೆ. ಲಯವಿಲ್ಲದ ಆಲಾಪ ಇದ್ದರೆ ಅದಕ್ಕೆ ಸೂತ್ರವೇ ಇಲ್ಲ, ಸ್ಟಾಪ್‌ವಾಚ್ ಹಿಡಿದು ಅಳೆದ ಸೆಕೆಂಡನ್ನು ನೇರ ಕೂಡಿಸಬೇಕು.

ಸ್ಪ್ರೆಡ್‌ಶೀಟ್‌ನಲ್ಲಿ ಭಾಗಕ್ಕೊಂದು ಸಾಲು ಮಾಡಿಕೊಂಡರೆ ಈ ಕೆಲಸ ಸುಲಭ. A ಕಂಬದಲ್ಲಿ ಭಾಗದ ಹೆಸರು, B ಬಾರ್, C ಬಾರ್‌ಗೆ ಬೀಟ್, D ಬಿಪಿಎಂ. E ಕಂಬದಲ್ಲಿ ಸೆಕೆಂಡ್ ಬರಲು:

```
=B2*C2*60/D2
```

ನಿಮ್ಮ ಒಂಬತ್ತು ಭಾಗಗಳಿಗೆ ಇದನ್ನು ಕೆಳಗೆ ಎಳೆದು, ಒಟ್ಟಿಗೆ:

```
=SUM(E2:E10)/86400
```

ದಿನಕ್ಕೆ 86400 ಸೆಕೆಂಡ್. ಸ್ಪ್ರೆಡ್‌ಶೀಟ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುವುದರಿಂದ ಈ ಭಾಗಾಕಾರ ಬೇಕು. ಆ ಮನೆಗೆ `[m]:ss` ಎಂಬ ಫಾರ್ಮ್ಯಾಟ್ ಕೊಟ್ಟರೆ 3:39 ಎಂದೇ ತೋರಿಸುತ್ತದೆ, 2.96ರ ಗೊಂದಲ ಹುಟ್ಟುವುದೇ ಇಲ್ಲ.

ಇನ್ನು ದಾದ್ರಾ. ಸೂತ್ರ ಅದೇ, ಆದರೆ "ಬಾರ್‌ಗೆ ಬೀಟ್" ಅನ್ನುವ ಜಾಗದಲ್ಲಿ ಕಣ್ಣುಮುಚ್ಚಿ 6 ಹಾಕಿದರೆ ಉತ್ತರ ಎರಡು ಪಟ್ಟೋ ಮೂರು ಪಟ್ಟೋ ಆಗಿಬಿಡುತ್ತದೆ. ನೀವು ಹಿಡಿದ ಬಿಪಿಎಂ ಯಾವುದರ ಎಣಿಕೆ ಎಂಬುದು ಮೊದಲು ಗೊತ್ತಾಗಬೇಕು. ದಾದ್ರಾದ ಆರು ಮಾತ್ರೆಗಳು ಮೂರು ಮೂರರ ಎರಡು ಗುಂಪಾಗಿ ನಡೆಯುತ್ತವೆ: ಧಾ ಧೀ ನಾ, ಧಾ ತೀ ನಾ. ಕೇಳುವವರು ಕಾಲು ತಟ್ಟುವುದು ಗುಂಪಿಗೊಂದು ಸಲ, ಆವರ್ತಕ್ಕೆ ಎರಡು. ತಬಲಾದವರು ಮಾತ್ರೆ ಎಣಿಸಿದರೆ ಆವರ್ತಕ್ಕೆ ಆರು. ಹೆಚ್ಚಿನ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ತಾಳ ಯಾವುದೇ ಇರಲಿ, ಬಿಪಿಎಂ ಅನ್ನು ಕ್ವಾರ್ಟರ್ ನೋಟ್ ಲೆಕ್ಕದಲ್ಲೇ ಇಡುತ್ತವೆ; 6/8ರ ಒಂದು ಬಾರ್‌ನಲ್ಲಿ ಅಂಥವು ಮೂರು.

ಹಾಗಾಗಿ ಒಂದೇ ವೇಗಕ್ಕೆ ಮೂರು ಅಂಕಿಗಳು. ಕಾಲು ತಟ್ಟಿದರೆ 60, ಮಾತ್ರೆ ಎಣಿಸಿದರೆ 180, ಸಾಫ್ಟ್‌ವೇರ್‌ನಲ್ಲಿ 90. ಮೂರರಲ್ಲೂ ಬಾರ್ ಎರಡೇ ಸೆಕೆಂಡ್: 2 × 60 ÷ 60, 6 × 60 ÷ 180, 3 × 60 ÷ 90. ನಿಮ್ಮ ದಾದ್ರಾ ಹಾಡು 96 ಬಾರ್ ಎಂದಿಟ್ಟುಕೊಂಡರೆ 192 ಸೆಕೆಂಡ್, 3:12. ಸಾಫ್ಟ್‌ವೇರ್ ತೋರಿಸಿದ 90ನ್ನು ಹಿಡಿದು ಬಾರ್‌ಗೆ 6 ಹಾಕಿದರೆ 6:24 ಬರುತ್ತದೆ. ಕಾಲು ತಟ್ಟಿದ 60ಕ್ಕೆ 6 ಹಾಕಿದರೆ 9:36. ಉತ್ತರ ಹೀಗೆ ಸರಿಯಾಗಿ ಎರಡು ಅಥವಾ ಮೂರು ಪಟ್ಟು ಬಂದರೆ ಬಾರ್ ಎಣಿಕೆಯನ್ನು ಅನುಮಾನಿಸಬೇಡಿ, ಬೀಟ್ ಯಾವುದೆಂಬುದು ತಪ್ಪಿದೆ.

ನಿಮ್ಮ ಸಾಫ್ಟ್‌ವೇರ್ ಯಾವ ಲೆಕ್ಕ ಹಿಡಿದಿದೆ ಎಂಬುದನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಖಾಲಿ ಪ್ರಾಜೆಕ್ಟ್ ತೆರೆದು 60 ಬಿಪಿಎಂ, 6/8 ಎಂದು ಇಡಿ. ಕರ್ಸರನ್ನು ಎರಡನೇ ಬಾರ್‌ನ ಶುರುವಿಗೆ ಒಯ್ದು ಗಡಿಯಾರ ಓದಿ. ಮೂರು ಸೆಕೆಂಡ್ ಇದ್ದರೆ ಕ್ವಾರ್ಟರ್ ನೋಟ್, ಸೂತ್ರದಲ್ಲಿ 3 ಹಾಕಿ. ಎರಡು ಸೆಕೆಂಡ್ ಇದ್ದರೆ ಮೂರು ಮಾತ್ರೆಗೊಂದು ಬೀಟ್, 2 ಹಾಕಿ. ಆರು ಸೆಕೆಂಡ್ ಇದ್ದರೆ ಮಾತ್ರೆಗೊಂದು, 6 ಹಾಕಿ.

ಇದೇ ಎಚ್ಚರ ಕೆಹರ್ವಾಕ್ಕೂ ಬೇಕು. ಅದರ ಎಂಟು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದೇ 4/4 ಬಾರ್‌ನಲ್ಲಿ ಕೂರಿಸುತ್ತಾರೆ, ಕ್ಲಿಕ್‌ಗೆ ಎರಡು ಮಾತ್ರೆ. ಎಲೆಕ್ಟ್ರಾನಿಕ್ ತಬಲಾದಲ್ಲಿ ಮಾತ್ರೆಯ ವೇಗ 184 ಎಂದಿದ್ದರೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ಅದು 92. ಕರ್ನಾಟಕ ಸಂಗೀತದ ಆದಿತಾಳದಲ್ಲಿ ಅಕ್ಷರಕ್ಕೊಂದು ಕ್ಲಿಕ್ ಇಟ್ಟರೆ ಒಂದು ಆವರ್ತಕ್ಕೆ 4/4ರ ಎರಡು ಬಾರ್ ಬೇಕು. ಎರಡೂ ಎಂಟರ ತಾಳಗಳೇ, ಆದರೆ "ಹದಿನಾರು ಆವರ್ತ" ಎಂದು ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ 16 ಬಾರ್ ಆಗಬಹುದು, 32 ಆಗಬಹುದು. ರೂಪಕ ಅಂದಾಗ ಇನ್ನೂ ಮಜಾ: ಹಿಂದೂಸ್ತಾನಿಯವರ ರೂಪಕ್ ಏಳು ಮಾತ್ರೆ, ನಮ್ಮ ರೂಪಕ ಏಳಲ್ಲ, ಮೂರರ ಇಲ್ಲವೇ ಆರರ ಎಣಿಕೆ. ತಾಳದ ಹೆಸರು ಕೇಳಿ ಲೆಕ್ಕ ಹಾಕಬೇಡಿ, ಆವರ್ತಕ್ಕೆ ಎಷ್ಟು ಕ್ಲಿಕ್ ಬೀಳುತ್ತವೆ ಎಂದು ಕೇಳಿ.

ಕ್ಲಿಕ್ ಇಲ್ಲದೆ ಹಾಡಿದ ಮಾದರಿ ಮಾತ್ರ ಕೈಯಲ್ಲಿದ್ದರೆ ಬೆರಳು ತಟ್ಟಿ ಬಿಪಿಎಂ ತೆಗೆಯುವುದಕ್ಕಿಂತ 16 ಬಾರ್‌ಗೆ ಹಿಡಿದ ಹೊತ್ತನ್ನು ಅಳೆಯುವುದು ನಂಬಿಕಸ್ತ. ಸಮದಲ್ಲಿ ಸ್ಟಾಪ್‌ವಾಚ್ ಒತ್ತಿ, ಹದಿನೇಳನೇ ಬಾರ್‌ನ ಸಮದಲ್ಲಿ ನಿಲ್ಲಿಸಿ. ಹದಿನಾರನೇ ಸಮದಲ್ಲಿ ನಿಲ್ಲಿಸಿದರೆ ನೀವು ಅಳೆದದ್ದು 15 ಬಾರ್. 4/4ರಲ್ಲಿ 3840ನ್ನು ಆ ಸೆಕೆಂಡ್‌ನಿಂದ ಭಾಗಿಸಿದರೆ ಬಿಪಿಎಂ: 41.7 ಬಂದರೆ 92, 42.7 ಬಂದರೆ 90ರ ಹತ್ತಿರ. ಪಲ್ಲವಿಯಲ್ಲಿ ಒಮ್ಮೆ, ಎರಡನೇ ಚರಣದಲ್ಲಿ ಒಮ್ಮೆ ಅಳೆಯಿರಿ. ಹಾರ್ಮೋನಿಯಂ, ತಬಲಾ ಜೊತೆ ಹಾಡುವಾಗ ಲಯ ಚರಣದ ಹೊತ್ತಿಗೆ ತುಸು ಏರಿರುವುದು ಮಾಮೂಲಿ. ಎರಡು ಅಂಕಿಗಳು ಮೂರು ನಾಲ್ಕು ಬಿಪಿಎಂಗಿಂತ ಹೆಚ್ಚು ದೂರವಿದ್ದರೆ ಭಾಗಕ್ಕೊಂದು ಟೆಂಪೋ ಹಾಕಿಯೇ ಶೀಟ್ ತುಂಬಿಸಿ.